ರೊಟ್ಟಿ ಎದೆಯಲ್ಲಿ ನಿಂತರೆ: ಎದೆ ಉರಿ ಮತ್ತು ಎಂಡೋಸ್ಕೋಪಿ

ಪ್ರಶ್ನೆ: ನಾನು ಜಮಖಂಡಿಯವ, ವಯಸ್ಸು 49, ಕಿರಾಣಿ ಅಂಗಡಿ ಇದೆ. ಐದಾರು ವರ್ಷದಿಂದ ರಾತ್ರಿ ಉಂಡು ಮಲಗಿದರೆ ಎದೆ ಉರಿಯುತ್ತದೆ, ಗಂಟಲಿಗೆ ಹುಳಿ ನೀರು ಬರುತ್ತದೆ. ಸೋಡಾ ಪುಡಿ ಕುಡಿದರೆ ಆರಾಮ. ಹೊಟ್ಟೆಯ ಆಸಿಡ್ಡು ಎದೆಯಲ್ಲಿ ಯಾಕೆ ಉರಿಯಬೇಕು? ತಮ್ಮ ಎಂಡೋಸ್ಕೋಪಿ ಮಾಡಿಸು ಅಂತಾನೆ, ಔಷಧ ಅಂಗಡಿಯವರು ಗ್ಯಾಸಿಗೆಲ್ಲ ಅದು ಬೇಡ ಅಂತಾರೆ. ಅಂದಹಾಗೆ, ಎರಡು ತಿಂಗಳಿಂದ ರೊಟ್ಟಿ ತಿನ್ನುವಾಗ ನಡುನಡುವೆ ನೀರು ಕುಡಿಯಬೇಕಾಗುತ್ತಿದೆ. ಉರಿ ಮಾತ್ರ ಮೊದಲಿಗಿಂತ ಕಡಿಮೆ.

ಉತ್ತರ:

ಪತ್ರದ ಕೊನೆಯ ಮಾತನ್ನು ನೀವು ‘ಅಂದಹಾಗೆ’ ಎಂದು ಶುರು ಮಾಡಿದ್ದೀರಿ. ನನ್ನ ಮಟ್ಟಿಗೆ ಅದೇ ಮೊದಲ ಮಾತು. ತಮ್ಮನ ಮಾತು ಕೇಳಿ, ಎರಡು ವಾರದೊಳಗೆ ಎಂಡೋಸ್ಕೋಪಿ ಆಗಲಿ. ಔಷಧ ಅಂಗಡಿಯವರು ಹೇಳಿದ್ದೂ ಪೂರ್ತಿ ತಪ್ಪಲ್ಲ. ಎದೆ ಉರಿ ಒಂದೇ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಕೌಂಟರಿನಲ್ಲಿ ನಿಂತು ನೀವು ಅವರಿಗೆ ರೊಟ್ಟಿಯ ಸುದ್ದಿ ಹೇಳಿರಲಿಕ್ಕಿಲ್ಲ. ಆ ಒಂದು ಸುದ್ದಿಗೆ ಯಾಕೆ ಇಷ್ಟು ತೂಕ ಕೊಡುತ್ತೇನೆ ಎಂದು ತಿಳಿಯಬೇಕಾದರೆ, ಉರಿ ಎಲ್ಲಿಂದ ಏಳುತ್ತದೆ ಎಂಬುದರಿಂದಲೇ ಶುರು ಮಾಡಬೇಕು.

ಜಠರದಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಹಸಿದ ಹೊಟ್ಟೆಯಲ್ಲಿ ಅದು ನಿಂಬೆರಸಕ್ಕಿಂತಲೂ ಕಟು. ಆದರೂ ಜಠರ ಉರಿಯುವುದಿಲ್ಲ. ಅದರ ಒಳಗೋಡೆಗೆ ದಪ್ಪನೆಯ ಲೋಳೆಯ ಲೇಪವಿದೆ, ಆ ಲೇಪದೊಳಗೆ ಆಮ್ಲವನ್ನು ಕೊಲ್ಲುವ ಬೈಕಾರ್ಬೊನೇಟ್ ಇದೆ. ಅನ್ನನಾಳಕ್ಕೆ ಈ ಭಾಗ್ಯವಿಲ್ಲ. ಸುಮಾರು 25 ಸೆಂಟಿಮೀಟರ್ ಉದ್ದದ ಆ ಕೊಳವೆಯ ಒಳಗೋಡೆ ಬಾಯಿಯ ಒಳಚರ್ಮದ ಜಾತಿಯದು. ಕಟಕು ರೊಟ್ಟಿ ಉಜ್ಜಿಕೊಂಡು ಹೋದರೆ ತಡೆಯುತ್ತದೆ, ಆಮ್ಲ ಬಂದು ನಿಂತರೆ ತಡೆಯುವುದಿಲ್ಲ.

ಈ ಎರಡರ ನಡುವೆ ಸ್ನಾಯುವಿನ ಒಂದು ಉಂಗುರವಿದೆ. ನಮ್ಮ ಹಿರಿಯರ ಎಲೆ-ಅಡಿಕೆ ಸಂಚಿಯ ಬಾಯಿಗೆ ಲಾಡಿ ಇರುತ್ತದಲ್ಲ, ಹಾಗೆ. ತುತ್ತು ಬಂದಾಗ ಸಡಿಲಾಗಿ, ಮತ್ತೆ ಬಿಗಿದುಕೊಳ್ಳುತ್ತದೆ. ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ವಪೆಯ ಸ್ನಾಯುವೂ ಅದೇ ಜಾಗದಲ್ಲಿ ಹೊರಗಿನಿಂದ ಅಮುಕಿ ಹಿಡಿದಿರುತ್ತದೆ. ಎದೆ ಉರಿ ಎಂದರೆ ಲಾಡಿ ಹರಿದಿದೆ ಎಂದೇ ಬಹಳ ಜನ ತಿಳಿಯುತ್ತಾರೆ. ಹೆಚ್ಚಿನವರಲ್ಲಿ ಹಾಗಲ್ಲ, ಲಾಡಿ ಗಟ್ಟಿಯೇ ಇರುತ್ತದೆ, ಬಿಚ್ಚಬಾರದ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ. ಹೊಟ್ಟೆ ತುಂಬಿ ಮೇಲ್ಭಾಗ ಹಿಗ್ಗಿದಾಗ ಒಳಗಿನ ಗಾಳಿಯನ್ನು ತೇಗಾಗಿ ಹೊರಹಾಕಲು ದೇಹವೇ ಆ ಬಾಗಿಲನ್ನು ಹತ್ತಿಪ್ಪತ್ತು ಸೆಕೆಂಡು ತೆರೆಯುತ್ತದೆ. ಬರೀ ಗಾಳಿ ಬಂದರೆ ತೇಗು, ಜತೆಗೆ ರಸವೂ ಬಂದರೆ ಹುಳಿ ತೇಗು. ಇದು ಎಲ್ಲರಿಗೂ ದಿನಕ್ಕೆ ಕೆಲವು ಸಲ ಆಗುವಂಥದೇ. ಪದೇ ಪದೇ ಆಗಿ, ಬಂದ ರಸ ಬೇಗ ಕೆಳಗಿಳಿಯದೆ ಹೋದರೆ ರೋಗ. ಕೆಲವರಲ್ಲಿ ಜಠರದ ಮೇಲ್ತುದಿ ವಪೆಯ ಕಿಂಡಿಯೊಳಗಿಂದ ಎದೆಯ ಕಡೆಗೆ ಜಾರಿರುತ್ತದೆ. ಅವರಲ್ಲಿ ಉಂಗುರ ಒಂದು ಕಡೆ, ವಪೆಯ ಹಿಡಿತ ಇನ್ನೊಂದು ಕಡೆ ಆಗಿ ಬಾಗಿಲು ನಿಜಕ್ಕೂ ಸಡಿಲ.

ನಿಮ್ಮ ಸೋಡಾ ಪುಡಿಯ ಆಟವೂ ಇಲ್ಲೇ ಇದೆ. ಸೋಡಾ ಆಮ್ಲದ ಜತೆ ಸೇರಿದ ಕೂಡಲೇ ಆಮ್ಲ ಸಾಯುತ್ತದೆ, ಅದು ನಿಜ. ಅದರ ಜತೆಗೇ ಇಂಗಾಲದ ಡೈಆಕ್ಸೈಡ್ ಬುಸುಬುಸು ಏಳುತ್ತದೆ, ಹೊಟ್ಟೆ ಹಿಗ್ಗುತ್ತದೆ, ಬಾಗಿಲು ತೆರೆದು ದೊಡ್ಡ ತೇಗು ಬರುತ್ತದೆ. ‘ಗ್ಯಾಸ್ ಹೊರಗ ಬಿತ್ತು’ ಎಂದು ನಮಗೆ ಸಮಾಧಾನ. ಆ ಗ್ಯಾಸಿನಲ್ಲಿ ಬಹುಪಾಲು ನಾವೇ ಒಂದು ನಿಮಿಷದ ಹಿಂದೆ ಕುಡಿದದ್ದು! ಅರ್ಧ ಗಂಟೆಯೋ ಒಂದು ಗಂಟೆಯೋ ಆದ ಮೇಲೆ ಜಠರ ಹೊಸ ಆಮ್ಲ ಸುರಿಸಿರುತ್ತದೆ, ಕಥೆ ಮೊದಲಿಂದ.

ಇನ್ನು ರಾತ್ರಿಯ ಮಾತು. ಅಂಗಡಿಯ ಕದ ಹಾಕಿ, ಲೆಕ್ಕ ಮುಗಿಸಿ, ಹತ್ತೂವರೆಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡು ಹನ್ನೊಂದಕ್ಕೆ ಹಾಸಿಗೆ ಸೇರುವ ವ್ಯಾಪಾರಸ್ಥರು ನನ್ನ ಕಡೆ ಬರುವವರಲ್ಲಿ ಬಹಳ. ನಿಮ್ಮದೂ ಹಾಗೇ ಇದ್ದರೆ ಆಶ್ಚರ್ಯವಿಲ್ಲ. ಊಟವಾದ ಮೇಲೆ ಹೊಸದಾಗಿ ಸುರಿದ ಆಮ್ಲ ಅನ್ನದ ಜತೆ ಪೂರ್ತಿ ಬೆರೆಯುವುದಿಲ್ಲ. ಅದರ ಒಂದು ಪಾಲು ಊಟದ ಮೇಲೆ, ಸರಿಯಾಗಿ ಆ ಬಾಗಿಲ ಬುಡದಲ್ಲೇ, ಹಾಲಿನ ಮೇಲಿನ ಕೆನೆಪದರದಂತೆ ನಿಂತಿರುತ್ತದೆ. ಕೂತಿದ್ದರೆ ಭಾರಕ್ಕೆ ಕೆಳಗಿರುತ್ತದೆ, ಮಲಗಿದರೆ ಆ ಅನುಕೂಲ ಹೋಯಿತು. ಎಚ್ಚರವಿದ್ದಾಗ ನಾವು ಜೊಲ್ಲು ನುಂಗುತ್ತಲೇ ಇರುತ್ತೇವೆ, ಆ ಜೊಲ್ಲು ಅನ್ನನಾಳವನ್ನು ತೊಳೆಯುತ್ತದೆ. ನಿದ್ದೆಯಲ್ಲಿ ಜೊಲ್ಲೂ ಕಡಿಮೆ, ನುಂಗುವುದೂ ಕಡಿಮೆ. ಹಗಲು ಎರಡು ನಿಮಿಷ ನಿಲ್ಲುವ ಆಮ್ಲ ರಾತ್ರಿ ಬಹಳ ಹೊತ್ತು ನಿಲ್ಲುತ್ತದೆ.

ನಿಂತ ಆಮ್ಲ, ಅದರ ಜತೆಗೆ ಬರುವ ಪೆಪ್ಸಿನ್ ಎಂಬ ಜೀರ್ಣರಸ, ಎರಡೂ ಸೇರಿ ಒಳಗೋಡೆಯ ಜೀವಕೋಶಗಳ ನಡುವಿನ ಸಂದನ್ನು ಅಗಲ ಮಾಡುತ್ತವೆ. ಆ ಸಂದಿನಿಂದ ಆಮ್ಲ ಇಳಿದು ಕೆಳಗಿನ ನರದ ತುದಿಗಳನ್ನು ಮುಟ್ಟುತ್ತದೆ. ಅಲ್ಲೊಂದು ಚೆಂದದ ಸಂಗತಿ ಇದೆ: ಮೆಣಸಿನಕಾಯಿಯ ಖಾರವನ್ನು ಹಿಡಿಯುವ, ಸುಡು ಬಿಸಿಯನ್ನು ಹಿಡಿಯುವ ಗ್ರಾಹಕವೇ ಆಮ್ಲವನ್ನೂ ಹಿಡಿಯುತ್ತದೆ. ಹಾಗಾಗಿ ಮಿದುಳಿಗೆ ಹೋಗುವ ಸುದ್ದಿ ‘ಸುಡುತ್ತಿದೆ’ ಎಂದೇ. ನಮ್ಮ ಜನ ಇದಕ್ಕೆ ‘ಉರಿ’ ಎಂದು ಹೆಸರಿಟ್ಟದ್ದು ಶಾರೀರಶಾಸ್ತ್ರದ ಪ್ರಕಾರವೂ ಸರಿ. ‘ಪಿತ್ತ’ ಎನ್ನುವುದು ಮಾತ್ರ ಸ್ವಲ್ಪ ತಪ್ಪು. ಪಿತ್ತರಸ ಕಹಿ, ಹಸಿರು-ಹಳದಿ. ಗಂಟಲಿಗೆ ಬರುವ ಹುಳಿ ನೀರು ಆಮ್ಲ. ಇನ್ನು ಉರಿ ಎದೆಯಲ್ಲೇ ಯಾಕೆ? ಅನ್ನನಾಳ ಎದೆಗೂಡಿನ ನಡುವೆ, ಹೃದಯದ ಬೆನ್ನಿಗೇ ಹತ್ತಿಕೊಂಡು ಇಳಿಯುತ್ತದೆ. ಎರಡರ ನರಗಳೂ ಬೆನ್ನುಹುರಿಯನ್ನು ಸೇರುವುದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ. ಅದಕ್ಕೇ ಒಂದರ ನೋವು ಇನ್ನೊಂದರದೆಂದು ಮೋಸ ಹೋಗುವುದು, ಅದರ ಬಗ್ಗೆ ಆಮೇಲೆ ಬರುತ್ತೇನೆ.

ಇಲ್ಲಿಯವರೆಗಿನದು ಯಾಕೆ ಉರಿಯುತ್ತದೆ ಎಂಬ ಲೆಕ್ಕ. ಇನ್ನು ಮುಂದಿನದು ನನ್ನ ದೃಷ್ಟಿಯಲ್ಲಿ ಹೆಚ್ಚಿನದು. ಉರಿ ಎಷ್ಟಿದೆ ಎಂಬುದಕ್ಕೂ ಅನ್ನನಾಳ ಎಷ್ಟು ಕೆಟ್ಟಿದೆ ಎಂಬುದಕ್ಕೂ ನೇರ ಸಂಬಂಧ ಇಲ್ಲ. ನರದ ತುದಿ ಸೂಕ್ಷ್ಮವಾಗಿರುವವರಿಗೆ ಗಾಯವೇ ಇಲ್ಲದೆ ಪ್ರಾಣ ಹೋಗುವಷ್ಟು ಉರಿಯಬಹುದು. ಎಂಡೋಸ್ಕೋಪಿ ಮಾಡಿದ ಎದೆ ಉರಿಯವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಗಾಯ ಕಾಣುವುದೇ ಇಲ್ಲ. ಮತ್ತೆ ಕೆಲವರಿಗೆ ಗಾಯ ಆಳವಾಗಿದ್ದೂ ಉರಿ ಅಷ್ಟಕ್ಕಷ್ಟೇ.

ಇಬ್ಬರ ಕಥೆ ಹೇಳುತ್ತೇನೆ, ಗುರುತು ಸಿಗದಂತೆ ಬದಲಿಸಿದ್ದೇನೆ. ಒಬ್ಬರು ವಿಜಯಪುರದ ಶಾಲೆಯ ಬಾಯಾರು, 32 ವರ್ಷ. ‘ಡಾಕ್ಟರ್ರ, ಎದ್ಯಾಗ ಕೆಂಡ ಇಟ್ಟಂಗ ಆಗ್ತೈತ್ರಿ, ಕ್ಯಾನ್ಸರ್ ಇರಬೇಕು’ ಎಂದು ಅಳುತ್ತಲೇ ಕೂತರು. ತೂಕ ಇಳಿದಿಲ್ಲ, ರಕ್ತ ಕಡಿಮೆಯಿಲ್ಲ, ಊಟ ಸಲೀಸಾಗಿ ಇಳಿಯುತ್ತದೆ. ಎಂಟು ವಾರ ಮಾತ್ರೆಯನ್ನು ಸರಿಯಾದ ಹೊತ್ತಿಗೆ ನುಂಗಿಸಿದೆ. ಉರಿ ಹೋಯಿತು. ಎಂಡೋಸ್ಕೋಪಿಯ ಕೋಣೆ ಅವರು ನೋಡಲೇ ಇಲ್ಲ.

ಇನ್ನೊಬ್ಬರು ಇಂಡಿ ಕಡೆಯ ನಿಂಬೆ ಬೆಳೆಗಾರ, 58 ವರ್ಷ. ಅವರು ಉರಿ ಎಂದು ಬಂದವರಲ್ಲ. ಬಂದದ್ದು ಮೊಣಕಾಲು ನೋವಿನ ಹೆಂಡತಿಯ ಜತೆ, ಪಕ್ಕದ ಕೋಣೆಗೆ. ಆಕೆಯೇ ಮಾತು ತೆಗೆದದ್ದು: ‘ಇವರು ಈಗೀಗ ರೊಟ್ಟಿ ಸಾರಿನಾಗ ನೆನಸಿ ತಿಂತಾರ್ರಿ. ಮೊದಲ ಕಟಕ ರೊಟ್ಟಿನ ಬೇಕಂತಿದ್ರು.’ ಕೇಳುತ್ತಾ ಹೋದಂತೆ ಹೊರಬಂತು. ಒಂಬತ್ತು ವರ್ಷ ಎದೆ ಉರಿ ಇತ್ತು, ಸೋಡಾದಲ್ಲೇ ಕಾಲ ಕಳೆದರು. ಹಿಂದಿನ ವರ್ಷ ಉರಿ ತಾನೇ ಕಡಿಮೆಯಾಯಿತು, ‘ಆರಾಮಾತು’ ಎಂದು ಸೋಡಾ ಬಿಟ್ಟರು. ಅದಾದ ಮೂರ್ನಾಲ್ಕು ತಿಂಗಳಿಗೆ ಕಟಕು ರೊಟ್ಟಿ ಸಿಕ್ಕಿಕೊಳ್ಳತೊಡಗಿತು. ಮೆತ್ತನ್ನ ರೊಟ್ಟಿಗೆ ಬಂದರು. ಆಮೇಲೆ ಅದನ್ನೂ ನೆನಸಿಕೊಂಡರು, ಆಮೇಲೆ ಅನ್ನ-ಮಜ್ಜಿಗೆ. ಬೆಲ್ಟಿಗೆ ಎರಡು ಹೊಸ ತೂತು ಹಾಕಿಸಿದ್ದರು. ಅಳೆದರೆ ಆರು ಕಿಲೋ ಇಳಿದಿತ್ತು. ಎಂಡೋಸ್ಕೋಪಿಯಲ್ಲಿ ನೋಡಿದರೆ ಅನ್ನನಾಳದ ತಳದಲ್ಲಿ ಕೊಳವೆ ಕಿರಿದಾಗಿತ್ತು. 9 ಮಿಲಿಮೀಟರಿನ ನಮ್ಮ ಎಂಡೋಸ್ಕೋಪಿನ ತುದಿ ದಾಟಲಿಲ್ಲ. ನನಗೂ ಕೆಟ್ಟ ಅನುಮಾನವೇ ಬಂದಿತ್ತು. ಆರೇಳು ಕಡೆ ಚೂರು ತೆಗೆದು ಬಯಾಪ್ಸಿಗೆ ಕಳಿಸಿದೆವು. ಕ್ಯಾನ್ಸರ್ ಅಲ್ಲ. ವರ್ಷಗಟ್ಟಲೆ ಆಮ್ಲ ಸುಟ್ಟು, ಮಾಯ್ದು, ಮತ್ತೆ ಸುಟ್ಟು, ಗಾಯದ ಕಲೆಯೇ ಸಂಕುಚಿಸಿ ಕೊಳವೆಯನ್ನು ಬಿಗಿದಿತ್ತು. ಮೂರು ಸಲ ಬಲೂನಿನಿಂದ ಹಂತಹಂತವಾಗಿ ಹಿಗ್ಗಿಸಿ 15 ಮಿಲಿಮೀಟರಿಗೆ ತಂದೆವು, ಆಮ್ಲ ತಡೆಯುವ ಮಾತ್ರೆ ಖಾಯಂ ಆಯಿತು. ಈಗ ರೊಟ್ಟಿ ತಿನ್ನುತ್ತಾರೆ, ಕಟಕು ಬೇಡವೆಂದು ನಾನೇ ಹೇಳಿದ್ದೇನೆ.

ಅವರ ಉರಿ ಯಾಕೆ ಕಡಿಮೆಯಾಗಿತ್ತು ಎಂದು ನಿಮಗೆ ಹೊಳೆದಿರಬಹುದು. ಕಿರಿದಾದ ಜಾಗವೇ ತಡೆಗೋಡೆಯಾಗಿ ಆಮ್ಲವನ್ನು ಕೆಳಗೇ ನಿಲ್ಲಿಸಿತ್ತು. ಉರಿ ಇಳಿಯಲು ಇನ್ನೊಂದು ದಾರಿಯೂ ಇದೆ. ಬಹಳ ವರ್ಷ ಆಮ್ಲ ತಾಗಿದ ಕೆಲವರಲ್ಲಿ ಅನ್ನನಾಳದ ತಳದ ಒಳಗೋಡೆ ತನ್ನ ಜಾತಿಯನ್ನೇ ಬದಲಿಸಿ ಕರುಳಿನ ಒಳಗೋಡೆಯಂತಾಗುತ್ತದೆ. ಇದಕ್ಕೆ ಬ್ಯಾರೆಟ್ ಅನ್ನನಾಳ ಎನ್ನುತ್ತೇವೆ. ಅದಕ್ಕೆ ಆಮ್ಲದ ಉರಿ ಅಷ್ಟಾಗಿ ತಿಳಿಯುವುದಿಲ್ಲ. ಅದು ಕ್ಯಾನ್ಸರ್ ಅಲ್ಲ, ಅದಿದ್ದವರಲ್ಲಿ ಬಹುತೇಕರಿಗೆ ಎಂದೂ ಕ್ಯಾನ್ಸರ್ ಆಗುವುದೂ ಇಲ್ಲ. ಆದರೆ ಆಗುವ ಕೆಲವರು ಬರುವುದು ಆ ಗುಂಪಿನಿಂದ, ಹಾಗಾಗಿ ಕಂಡರೆ ಕೆಲವು ವರ್ಷಕ್ಕೊಮ್ಮೆ ಮತ್ತೆ ನೋಡುತ್ತಿರಬೇಕು. ಒಟ್ಟಿನಲ್ಲಿ ಮಾತ್ರೆಯನ್ನೂ ಬದಲಿಸದೆ, ಊಟದ ಹೊತ್ತನ್ನೂ ಬದಲಿಸದೆ ವರ್ಷಗಳ ಉರಿ ತಾನಾಗಿ ತಣ್ಣಗಾದರೆ, ಅದರ ಬೆನ್ನಿಗೇ ನುಂಗಲು ತೊಂದರೆ ಬಂದರೆ, ಅದನ್ನು ಗುಣವೆಂದು ನಾನು ಲೆಕ್ಕ ಹಾಕುವುದಿಲ್ಲ.

ನಮ್ಮ ಕಡೆ ಈ ನುಂಗುವ ತೊಂದರೆಯನ್ನು ಮೊದಲು ಹಿಡಿದುಕೊಡುವುದು ಜೋಳದ ರೊಟ್ಟಿಯೇ. ಆರೋಗ್ಯವಂತ ಅನ್ನನಾಳ ಎರಡು ಸೆಂಟಿಮೀಟರಿನಷ್ಟು ಅಗಲಕ್ಕೆ ಸಲೀಸಾಗಿ ಹಿಗ್ಗುತ್ತದೆ. ಅದು 13 ಮಿಲಿಮೀಟರಿಗಿಂತ ಕಿರಿದಾದಾಗ ಗಟ್ಟಿ ಪದಾರ್ಥ ಸಿಗಿಬೀಳುವುದು ಹೆಚ್ಚುಕಡಿಮೆ ಖಚಿತ. ಅನ್ನ ಉಣ್ಣುವ ಊರಿನವರಿಗೆ ಆಗಲೂ ಗೊತ್ತಾಗದೆ ಇರಬಹುದು, ಅನ್ನ-ಸಾರು ಜಾರಿಕೊಂಡು ಹೋಗುತ್ತದೆ. ಒಣ ರೊಟ್ಟಿ ಜಾರುವುದಿಲ್ಲ. ಇಷ್ಟಿದ್ದೂ ನಾವು ತಡವಾಗಿ ಬರುತ್ತೇವೆ, ಏಕೆಂದರೆ ಊಟವನ್ನು ನಮಗೇ ತಿಳಿಯದಂತೆ ಬದಲಿಸಿಕೊಳ್ಳುತ್ತೇವೆ. ಹಾಗಾಗಿ ‘ನುಂಗಲು ತ್ರಾಸ ಐತೇನು?’ ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ. ಎಲ್ಲರೂ ಇಲ್ಲ ಎನ್ನುತ್ತಾರೆ. ‘ಹಿಂದಿನ ದೀಪಾವಳಿಗೆ ರೊಟ್ಟಿ ಹೆಂಗ ತಿಂತಿದ್ರಿ, ಈಗ ಹೆಂಗ ತಿಂತೀರಿ?’ ಎಂದು ಕೇಳುತ್ತೇನೆ. ಉತ್ತರ ಮನೆಯವರಿಂದ ಬರುತ್ತದೆ.

ನೀವೂ ಎರಡು ಸಂಗತಿ ಗಮನಿಸಿ ಬರೆದಿಟ್ಟುಕೊಳ್ಳಿ. ಒಂದು, ತೊಂದರೆ ರೊಟ್ಟಿಗೆ ಮಾತ್ರವೋ, ನೀರಿಗೂ ಇದೆಯೋ. ಮೊದಲು ರೊಟ್ಟಿ, ತಿಂಗಳು ಬಿಟ್ಟು ಮೆತ್ತನ್ನ ಅನ್ನ, ಆಮೇಲೆ ಗಂಜಿ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರೆ ಕೊಳವೆ ಕಿರಿದಾಗುತ್ತಿದೆ ಎಂದರ್ಥ. ಬೇಗ ಬೇಗ ಇಳಿದಷ್ಟೂ ಅವಸರ ಹೆಚ್ಚು. ಮೊದಲ ದಿನದಿಂದಲೇ ರೊಟ್ಟಿಯೂ ನೀರೂ ಎರಡೂ ನಿಲ್ಲುತ್ತಿದ್ದರೆ ಕೊಳವೆಯಲ್ಲಿ ತಡೆಯಿಲ್ಲ, ಅದನ್ನು ತಳ್ಳುವ ಸ್ನಾಯು ಅಥವಾ ಬಿಚ್ಚದ ಉಂಗುರದ ತಪ್ಪಿರಬಹುದು. ಆ ರೋಗದಲ್ಲಿ ಅನ್ನ ಅನ್ನನಾಳದಲ್ಲೇ ಕೊಳೆತು ಎದೆ ಉರಿಯಂತೆಯೇ ಅನಿಸುತ್ತದೆ, ಆಮ್ಲದ ಮಾತ್ರೆ ಎಷ್ಟು ನುಂಗಿದರೂ ಉಪಯೋಗವಿಲ್ಲ. ಎರಡನೆಯದು, ತುತ್ತು ನಿಲ್ಲುವಾಗ ನೋವೂ ಇದೆಯೋ. ನುಂಗಿದಾಗೆಲ್ಲ ಚುಚ್ಚುವ ನೋವು ಬರುತ್ತಿದ್ದರೆ ಅಲ್ಲಿ ಹಸಿ ಗಾಯವಿದೆ. ಕೆಲವೊಮ್ಮೆ ಕಾರಣ ಬಹಳ ಸಣ್ಣದಿರುತ್ತದೆ: ರಾತ್ರಿ ಮಲಗುವ ಮುಂಚೆ ಗುಟುಕು ನೀರಿನಲ್ಲಿ ನುಂಗಿದ ಡಾಕ್ಸಿಸೈಕ್ಲಿನ್ ಮಾತ್ರೆ ಅಲ್ಲೇ ಅಂಟಿ ಸುಟ್ಟಿರುತ್ತದೆ.

ನಿಮ್ಮ ವಯಸ್ಸು ನೋಡಿ ಹೇಳುವುದಾದರೆ, ಎರಡು ತಿಂಗಳ ತೊಂದರೆಗೆ ಬಹುಶಃ ಕಾರಣ ಹಳೆಯ ಆಮ್ಲದ ಗಾಯವೋ ಅದರ ಬಿಗಿತವೋ ಇರುತ್ತದೆ. ಆ ‘ಬಹುಶಃ’ವನ್ನು ಪತ್ರದ ಮೇಲೆ ಖಚಿತ ಮಾಡಲು ಬರುವುದಿಲ್ಲ. ತಂಬಾಕು, ಗುಟ್ಕಾ, ಬೀಡಿ, ಸಾರಾಯಿ ಇವುಗಳ ಅಭ್ಯಾಸವಿದ್ದರೆ ನನ್ನ ಅನುಮಾನ ಇನ್ನೂ ಹೆಚ್ಚುತ್ತದೆ. ಅನ್ನನಾಳದ ಕ್ಯಾನ್ಸರಿನಲ್ಲಿ ನಮ್ಮ ದೇಶದಲ್ಲಿ ಹೆಚ್ಚು ಕಾಣುವ ಬಗೆಗೆ ಎದೆ ಉರಿಯ ಹಂಗೇ ಇಲ್ಲ, ತಂಬಾಕಿನ ಹಂಗಿದೆ.

ನುಂಗುವ ತೊಂದರೆ ಇಲ್ಲದವರೂ ಇದನ್ನು ಓದುತ್ತಿರಬಹುದು, ಎಂಡೋಸ್ಕೋಪಿ ಬೇಕೆನ್ನುವ ಉಳಿದ ಸೂಚನೆಗಳನ್ನು ಅವರಿಗೆ ಹೇಳಿಬಿಡುತ್ತೇನೆ. ಪ್ರಯತ್ನವಿಲ್ಲದೆ ತೂಕ ಇಳಿಯುವುದು. ದಿನಗಟ್ಟಲೆ ನಿಲ್ಲದ ವಾಂತಿ, ಅದರಲ್ಲೂ ನಿನ್ನೆ ಉಂಡದ್ದು ಇವತ್ತು ಬರುವ ವಾಂತಿ. ರಕ್ತ ವಾಂತಿ, ಅಥವಾ ಸೋಸಿದ ಚಹಾದ ಚರಟದಂತೆ ಕರಿ ಕಣಗಳಿರುವ ವಾಂತಿ. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅಂಟುವುದಿಲ್ಲ, ಆ ನಾತ ಇರುವುದಿಲ್ಲ. ರಕ್ತ ವಾಂತಿಯಾಗಲಿ ಡಾಂಬರು ಮಲವಾಗಲಿ ಕಂಡರೆ ಎರಡು ವಾರ ಕಾಯುವಂಥದಲ್ಲ, ಅವತ್ತೇ ಆಸ್ಪತ್ರೆ. ತುತ್ತು ಸಿಕ್ಕು ಸ್ವಂತ ಜೊಲ್ಲನ್ನೂ ನುಂಗಲಾಗದೆ ಉಗುಳುತ್ತಿದ್ದರೆ ಅದೂ ಅವತ್ತೇ. ಮೊಣಕಾಲಿಗೆ, ಸೊಂಟಕ್ಕೆ ಎಂದು ನೋವಿನ ಗುಳಿಗೆ ದಿನಾ ನುಂಗುವವರಲ್ಲಿ ಈ ರಕ್ತಸ್ರಾವ ಹೆಚ್ಚು, ಅವರು ಇನ್ನಷ್ಟು ಎಚ್ಚರವಿರಬೇಕು.

ಇದೇ ಸಾಲಿಗೆ ಸೇರುವ ಇನ್ನೊಂದು ಸೂಚನೆ ರಕ್ತಹೀನತೆ. ಬಹಳ ಸುಲಭವಾಗಿ ಕೈತಪ್ಪುವುದು ಅದೇ, ಅದಕ್ಕೆ ನಾನೇ ಸಾಕ್ಷಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮುಟ್ಟು ನಿಂತು ವರ್ಷಗಳಾಗಿದ್ದ ಹೆಣ್ಣುಮಗಳೊಬ್ಬರಿಗೆ ಎದೆ ಉರಿಗೆಂದು ನಾಲ್ಕು ತಿಂಗಳು ಮಾತ್ರೆ ಬರೆದುಕೊಟ್ಟೆ. ಉರಿ ಕಡಿಮೆಯಾಗುತ್ತಿತ್ತು, ಅವರು ಖುಷಿ, ನಾನೂ ಖುಷಿ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ ಎಂದಾಗ ರಕ್ತ ಪರೀಕ್ಷೆ ಮಾಡಿಸಿದೆ, ಹಿಮೋಗ್ಲೋಬಿನ್ 7 ಇತ್ತು. ಜಠರದಲ್ಲಿ ಹುಣ್ಣು, ಅದರಿಂದ ದಿನಾ ಒಂದಿಷ್ಟು ರಕ್ತ ಕಣ್ಣಿಗೆ ಕಾಣದಂತೆ ಸೋರುತ್ತಿತ್ತು. ಮೊದಲ ದಿನವೇ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದರೆ ಸಾಕಿತ್ತು. ಮಾತ್ರೆಯಿಂದ ಆರಾಮ ಸಿಕ್ಕಿತು ಎಂಬುದು ಒಳಗೆ ಕೆಟ್ಟದ್ದೇನೂ ಇಲ್ಲ ಎಂಬುದಕ್ಕೆ ಪುರಾವೆಯಲ್ಲ. ಆಮ್ಲ ತಗ್ಗಿದರೆ ಕ್ಯಾನ್ಸರಿನ ಹುಣ್ಣಿನ ನೋವೂ ಕೆಲವು ಕಾಲ ತಗ್ಗುತ್ತದೆ.

ಹಾಗಾದರೆ ಬರೀ ಉರಿ ಇರುವವರು ಎಷ್ಟು ದಿನ ಮಾತ್ರೆಯಲ್ಲಿ ಇರಬಹುದು? ವಾರಕ್ಕೊಮ್ಮೆ, ಮದುವೆ ಊಟದ ಮರುದಿನ ಉರಿದರೆ ಆಮ್ಲ ತಣಿಸುವ ಸಿರಪ್ಪು ಒಂದು ಗುಟುಕು ಸಾಕು, ಅದಕ್ಕೆ ಡಾಕ್ಟರೂ ಬೇಡ. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಉರಿದು ತೊಂದರೆ ಕೊಡುತ್ತಿದ್ದರೆ ಪ್ಯಾಂಟೊಪ್ರಜೋಲ್ ಅಥವಾ ಅದರ ಜಾತಿಯ ಮಾತ್ರೆ, ದಿನಕ್ಕೊಂದು, ಎಂಟು ವಾರ. ಇಲ್ಲಿ ಒಂದು ತಪ್ಪು ಮನೆಮನೆಯಲ್ಲೂ ನಡೆಯುತ್ತದೆ. ಈ ಮಾತ್ರೆಯನ್ನು ಜನ ಉರಿ ಎದ್ದಾಗ, ಉಂಡ ಮೇಲೆ, ಇಲ್ಲವೇ ಬೆಳಗಿನ ಚಹಾದ ಜತೆಗೇ ನುಂಗುತ್ತಾರೆ. ಅದು ಇರುವ ಆಮ್ಲವನ್ನು ಕೊಲ್ಲುವ ಮಾತ್ರೆಯಲ್ಲ. ರಕ್ತದ ಮೂಲಕ ಜಠರದ ಗೋಡೆಗೆ ಹೋಗಿ ಆಮ್ಲ ಸುರಿಸುವ ಪಂಪುಗಳನ್ನು ಮುಚ್ಚುತ್ತದೆ, ಅದೂ ಕೆಲಸಕ್ಕೆ ಇಳಿದ ಪಂಪುಗಳನ್ನು ಮಾತ್ರ. ಪಂಪುಗಳು ಕೆಲಸಕ್ಕಿಳಿಯುವುದು ಊಟ ಬಂದಾಗ. ಮಾತ್ರೆ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಹಾಗಾಗಿ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ನುಂಗಿದರೆ ಮಾತ್ರೆಯೂ ಪಂಪೂ ಒಂದೇ ಹೊತ್ತಿಗೆ ಎದುರಾಗುತ್ತವೆ. ಪೂರ್ತಿ ಪರಿಣಾಮಕ್ಕೆ ಮೂರ್ನಾಲ್ಕು ದಿನ ಬೇಕು. ‘ಎರಡು ಗುಳಿಗಿ ತಗೊಂಡೆ, ಏನೂ ಆಗಲಿಲ್ಲ’ ಎಂದು ಬರುವವರಿಗೆ ನಾನು ಗುಳಿಗೆ ಬದಲಿಸುವುದಿಲ್ಲ, ಗಡಿಯಾರ ಬದಲಿಸುತ್ತೇನೆ.

ಎಂಟು ವಾರ ಹೀಗೆ ಸರಿಯಾಗಿ ನುಂಗಿಯೂ ಉರಿ ನಿಲ್ಲದಿದ್ದರೆ ಎಂಡೋಸ್ಕೋಪಿ. ನಿಂತಿತ್ತು, ಮಾತ್ರೆ ಬಿಟ್ಟ ಮೇಲೆ ಮರಳಿತು ಎಂದರೂ ಎಂಡೋಸ್ಕೋಪಿಯ ಮಾತು ಬರುತ್ತದೆ. ಆದರೆ ಬಿಟ್ಟ ಮೊದಲ ಒಂದೆರಡು ವಾರದ ಉರಿಯನ್ನು ನಂಬಬೇಡಿ, ಕಟ್ಟಿ ಹಾಕಿದ್ದ ಜಠರ ಬಿಟ್ಟ ಕೂಡಲೇ ಜೋರಾಗಿ ಸುರಿಸುತ್ತದೆ. ಐವತ್ತು ದಾಟಿದ ಮೇಲೆ ಮೊದಲ ಸಲ ಶುರುವಾದ ಉರಿ, ಅಥವಾ ಹತ್ತಾರು ವರ್ಷದ ಉರಿಯ ಜತೆಗೆ ಬೊಜ್ಜು, ಬೀಡಿ-ಸಿಗರೇಟು ಸೇರಿದ ಗಂಡಸರು, ಇವರಿಗೆ ನಾನು ಎಂಟು ವಾರಕ್ಕೆ ಮೊದಲೇ ಒಮ್ಮೆ ನೋಡಿಬಿಡೋಣ ಎನ್ನುತ್ತೇನೆ.

ಈಗ ಹೃದಯದ ಮಾತು. ನಡೆದರೆ, ಚೀಲ ಎತ್ತಿದರೆ, ಮೆಟ್ಟಿಲು ಹತ್ತಿದರೆ ಎದೆ ಹಿಂಡಿದಂತಾಗಿ ನಿಂತರೆ ಕಡಿಮೆಯಾಗುವುದು, ನೋವು ಎಡಗೈಗೋ ದವಡೆಗೋ ಹರಿಯುವುದು, ಜತೆಗೆ ತಣ್ಣನೆ ಬೆವರು: ಇದಕ್ಕೆ ಸೋಡಾವೂ ಅಲ್ಲ, ಎಂಡೋಸ್ಕೋಪಿಯೂ ಅಲ್ಲ, ಮೊದಲು ಇಸಿಜಿ. ಸೋಡಾ ಕುಡಿದು ತೇಗು ಬಂದು ‘ಗ್ಯಾಸ್ ಇತ್ತು’ ಎಂದು ಮಲಗಿ ಬೆಳಗಾಗುವಷ್ಟರಲ್ಲಿ ಹೋದವರ ಸುದ್ದಿ ನಮ್ಮ ಪ್ರತಿ ಊರಿನಲ್ಲೂ ಒಂದೊಂದಿದೆ. ಸಕ್ಕರೆ ಕಾಯಿಲೆ ಇರುವವರಿಗೆ ಹೃದಯದ ನೋವೂ ಬರೀ ಉರಿಯಂತೆ ಬರಬಹುದು. ಅನುಮಾನವಿದ್ದರೆ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಐದು ನಿಮಿಷದ ಇಸಿಜಿ ತೆಗೆಸಿಯೇ ಮುಂದಿನ ಮಾತು.

ನಿಮ್ಮ ವಿಷಯಕ್ಕೆ ಬರೋಣ. ಎಂಡೋಸ್ಕೋಪಿಗೆ ನೀವು ದೂರ ಹೋಗಬೇಕಿಲ್ಲ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಹಿಂದಿನ ರಾತ್ರಿ ಹತ್ತರೊಳಗೆ ಊಟ ಮುಗಿಸಿ, ಬೆಳಿಗ್ಗೆ ಚಹಾವೂ ಬೇಡ. ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಎಂದು ಅವರೇ ಹೇಳುತ್ತಾರೆ. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಗಂಟಲಿಗೆ ಜೋಮು ಹಿಡಿಸುವ ಔಷಧ ಸಿಂಪಡಿಸುತ್ತಾರೆ, ಎಡ ಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆಯಂಥದನ್ನು ಇಡುತ್ತಾರೆ. ಕಿರುಬೆರಳಿಗಿಂತ ತೆಳ್ಳಗಿನ ನಳಿಕೆ. ಗಂಟಲು ದಾಟುವ ಮೂರ್ನಾಲ್ಕು ಸೆಕೆಂಡು ಓಕರಿಕೆ ಬರುತ್ತದೆ, ಅದು ಸುಳ್ಳಲ್ಲ. ಆಮೇಲೆ ಮೂಗಿನಲ್ಲಿ ಉಸಿರಾಡುತ್ತಾ ಜೊಲ್ಲು ನುಂಗದೆ ಹೊರಗೆ ಹರಿಯಬಿಟ್ಟರೆ ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಚೂರು ತೆಗೆದರೆ ನೋವಾಗುವುದಿಲ್ಲ. ಹೆದರಿಕೆ ಬಹಳವಿದ್ದರೆ ನಿದ್ದೆಯ ಇಂಜೆಕ್ಷನ್ ಕೇಳಿ, ಆದರೆ ಆ ದಿನ ನೀವು ಬೈಕು ಓಡಿಸುವ ಹಾಗಿಲ್ಲ, ತಮ್ಮನನ್ನು ಕರೆದೊಯ್ಯಿರಿ.

ನುಂಗುವ ತೊಂದರೆಗೆ ಬಂದಿದ್ದೇನೆ ಎಂದು ಚೀಟಿಯಲ್ಲಿ ಬರೆಸಿ, ಬರೀ ‘ಗ್ಯಾಸ್’ ಎಂದಲ್ಲ. ಹಾಗೆ ಬರೆದಿದ್ದರೆ ಒಳಗೋಡೆ ನೋಡಲು ಚೆನ್ನಾಗಿ ಕಂಡರೂ ಬಯಾಪ್ಸಿ ತೆಗೆಯುತ್ತಾರೆ, ಕೆಲವು ಅಲರ್ಜಿಯ ಉರಿಯೂತ ಬಯಾಪ್ಸಿಯಲ್ಲಿ ಮಾತ್ರ ಸಿಗುತ್ತದೆ. ವರದಿಯಲ್ಲಿ ‘ಎಲ್‌ಎ ಗ್ರೇಡ್’ ಎಂದು ಎ ಇಂದ ಡಿ ವರೆಗೆ ಒಂದು ಅಕ್ಷರ ಇರಬಹುದು. ಅದು ಗಾಯದ ಅಳತೆ. ಎ ಎಂದರೆ ಅರ್ಧ ಸೆಂಟಿಮೀಟರ್ ಮೀರದ ಗೀರು, ಡಿ ಎಂದರೆ ಸುತ್ತಳತೆಯ ಮುಕ್ಕಾಲು ಪಾಲಾದರೂ ಸುಟ್ಟಿದೆ. ಸಿ ಅಥವಾ ಡಿ ಇದ್ದರೆ ಎಂಟು ವಾರ ಮಾತ್ರೆಯ ನಂತರ ಮತ್ತೊಮ್ಮೆ ನೋಡಬೇಕು, ಹಸಿ ಗಾಯದ ಕೆಳಗೆ ಬ್ಯಾರೆಟ್ ಅಡಗಿದ್ದರೆ ಮೊದಲ ಸಲ ಕಾಣುವುದಿಲ್ಲ. ವರದಿ ‘ನಾರ್ಮಲ್’ ಎಂದು ಬಂದರೆ ಗಾಯವಿಲ್ಲ, ಗಡ್ಡೆಯಿಲ್ಲ ಎಂದಷ್ಟೇ ಅರ್ಥ, ಆಮ್ಲ ಮೇಲೆ ಬರುತ್ತಿಲ್ಲ ಎಂದಲ್ಲ. ರೊಟ್ಟಿ ಆಗಲೂ ನಿಲ್ಲುತ್ತಿದ್ದರೆ ಅನ್ನನಾಳದ ಒತ್ತಡ ಅಳೆಯುವ ಬೇರೆ ಪರೀಕ್ಷೆ ಇದೆ.

ಆ ದಿನ ಬರುವವರೆಗೆ ಪ್ಯಾಂಟೊಪ್ರಜೋಲ್ ಹೊಸದಾಗಿ ಶುರು ಮಾಡಬೇಡಿ, ನೋಡಬೇಕಾದ ಗಾಯ ಅರ್ಧ ಮಾಯ್ದು ಮುಖ ಮರೆಸಿಕೊಳ್ಳುತ್ತದೆ. ಉರಿದರೆ ಸಿರಪ್ಪು ಸಾಕು, ಸೋಡಾ ಪುಡಿ ಬಿಡಿ. ಬಿಪಿ ಇದ್ದರಂತೂ ಅದರ ಉಪ್ಪಿನಂಶ ಬೇಡವೇ ಬೇಡ. ಊಟವನ್ನು ಅಂಗಡಿಯಲ್ಲೇ ಎಂಟಕ್ಕೆ ತರಿಸಿಕೊಳ್ಳಿ, ಮಲಗುವ ಹೊತ್ತಿಗೆ ಮೂರು ಗಂಟೆಯಾಗಿರಲಿ. ಮಂಚದ ತಲೆಭಾಗದ ಎರಡು ಕಾಲಿನ ಕೆಳಗೆ ಆರೆಂಟು ಇಂಚು ಎತ್ತರ ಬರುವಂತೆ ಇಟ್ಟಿಗೆ ಇಡಿ. ದಿಂಬು ಏರಿಸಿದರೆ ನಡು ಮಡಚಿ ಹೊಟ್ಟೆಯ ಮೇಲೆ ಒತ್ತಡ ಹೆಚ್ಚುತ್ತದೆ. ಎಡ ಮಗ್ಗುಲಿಗೆ ಮಲಗಿ, ಆಗ ಜಠರದ ಚೀಲ ಬಾಗಿಲಿಗಿಂತ ಕೆಳಗಿರುತ್ತದೆ. ರೊಟ್ಟಿಯನ್ನು ಸಾರಿನಲ್ಲಿ ನೆನಸಿ ಸಣ್ಣ ತುತ್ತು ಮಾಡಿ ತಿನ್ನಿ. ಡಾಕ್ಟರ ಮುಂದೆ ಕೂತಾಗ ಮಾತ್ರ, ನೆನಸದೆ ತಿಂದ ಕೊನೆಯ ರೊಟ್ಟಿ ಯಾವಾಗಿನದು ಎಂದು ಮನೆಯವರನ್ನು ಕೇಳಿಕೊಂಡು ಹೋಗಿ ಹೇಳಿ.